ಮಾವನ ಇಪ್ಪತ್ತೇಳು

ನನ್ನ ಸೋದರಮಾವನ ಹೆಸರು ಚಿಕ್ಕಬೈರಪ್ಪ. ಆದರೆ ಯಲಹಂಕದ ಹಳೇ ಊರಿನಲ್ಲಿ ಹಾಗೆ ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಇಪ್ಪತ್ತೇಳು ಬೈರಪ್ಪ ಎಂದರೆ ಮಾತ್ರ ಕೈ ಮುಂದೆ ಮಾಡಿ ದಾರಿ ಹೇಳುತ್ತಾರೆ. ಅವರ ಕಾರಿನ ನಂಬರು ಇಪ್ಪತ್ತೇಳು. ಗೇಟಿನ ಮೇಲೆ ಹಿತ್ತಾಳೆಯಲ್ಲಿ ಇಪ್ಪತ್ತೇಳು. ಮೊಬೈಲಿನ ಕೊನೆಯ ಎರಡು ಅಂಕಿಯೂ ಅದೇ. ಕಟ್ಟಿಸಿದ ಮನೆಗಳಿಗೂ, ಕೊರೆಸಿದ ಬೋರ್‌ವೆಲ್ಲಿನ ಮೋಟಾರು ಡಬ್ಬಕ್ಕೂ ಅದನ್ನೇ ಬರೆಸಿದ್ದಾರೆ. ಇದು ಶಾಸ್ತ್ರದವರು ಹೇಳಿಕೊಟ್ಟ ಅದೃಷ್ಟದ ಸಂಖ್ಯೆಯಲ್ಲ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಸರ್ವೆ ನಂಬರು. ಹೊಲ ಲೇಔಟ್ ಆಯಿತು, ಲೇಔಟ್ ಅಪಾರ್ಟ್‌ಮೆಂಟ್ ಆಯಿತು, ಈಗ ಅಲ್ಲಿ ಹೋಗಿ ನಿಂತರೆ ಸೆಕ್ಯುರಿಟಿಯವನು ಮಾವನನ್ನೇ ಯಾರು ಬೇಕಿತ್ತು ಎಂದು ಕೇಳುತ್ತಾನೆ. ನೆಲ ಹೋಯಿತು, ನಂಬರು ಉಳಿಯಿತು. ಉಳಿದದ್ದನ್ನು ಅವರು ಹಿಡಿದುಕೊಂಡ ಪರಿ ನೋಡಿದರೆ ನನಗೆ ಒಮ್ಮೊಮ್ಮೆ ನಗು, ಒಮ್ಮೊಮ್ಮೆ ಭಯ.

ನಾನು ಅನಂತರಾಜು. ಹಳೇ ಊರಿನಲ್ಲೇ ಇಂಟರ್ನೆಟ್ ಕನೆಕ್ಷನ್ ಕೊಡುವ ಅಂಗಡಿ ನನ್ನದು. ಮೊದಲು ಕೇಬಲ್ ಎಳೆಯುತ್ತಿದ್ದೆ, ಈಗ ಫೈಬರ್ ಎಳೆಯುತ್ತೇನೆ. ಬೈಸಿಕೊಳ್ಳುವುದರಲ್ಲಿ ಏನೂ ವ್ಯತ್ಯಾಸವಾಗಿಲ್ಲ.

ಮಾವನಿಗೆ ಇದ್ದದ್ದು ಒಬ್ಬನೇ ಮಗ, ನಿರಂಜನ್. ಅವನು ಬೈಕ್ ಕೊಂಡಾಗ ಆ ನಂಬರು ತನಗೂ ಬೇಕೆಂದು ಕೇಳಿದ್ದ. ಮಾವ ಕೊಡಲಿಲ್ಲ. "ಅದು ಮನೆ ಯಜಮಾನಂದು. ನಾನು ಓದ ಮ್ಯಾಲೆ ನೀನೇ ಇಟ್ಕೋ, ಯಾರು ಬ್ಯಾಡ ಅಂತಾರೆ?" ಎಂದರು. ನಿರಂಜನ್ ನಕ್ಕು ಬೇರೆ ಯಾವುದೋ ನಂಬರು ಹಾಕಿಸಿಕೊಂಡ. ಮದುವೆಯಾಗಿ ಎರಡನೇ ವರ್ಷ, ಹೆಬ್ಬಾಳದ ಮೇಲ್ಸೇತುವೆ ಇಳಿಯುವಲ್ಲಿ, ಅದೇ ಬೈಕಿನಿಂದ ಬಿದ್ದು ತೀರಿಹೋದ.

ಆಮೇಲೆ ಮಾವ ಮಾಡಿದ್ದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಮಗನ ಬಟ್ಟೆ, ಶೂ, ಹೆಲ್ಮೆಟ್ಟು, ಎಲ್ಲವನ್ನೂ ಹಿತ್ತಲಲ್ಲಿ ರಾಶಿ ಹಾಕಿ ಸುಟ್ಟರು. ಗೋಡೆಯ ಫೋಟೋ ಇಳಿಸಿದರು. "ಈ ಮನೇಲಿ ಅವನ ಎಸರು ಯಾರೂ ಎತ್ತಂಗಿಲ್ಲ" ಎಂದು ಹೆಂಡತಿಗೂ ಸೊಸೆಗೂ ಹೇಳಿಬಿಟ್ಟರು. ಅತ್ತೆ ಮರಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಸೊಸೆ ಪದ್ಮಶ್ರೀ ಉರಿಯುವ ರಾಶಿಯನ್ನೇ ನೋಡುತ್ತಿದ್ದಳು. ಅವಳು ತವರಿಗೆ ಹೋಗುತ್ತಾಳೆ ಎಂದು ಎಲ್ಲರೂ ಅಂದುಕೊಂಡರು, ಹೋಗಲಿಲ್ಲ. ಸೋಲದೇವನಹಳ್ಳಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕೆ ಹೋಗುತ್ತಾ, ಸಂಜೆ ಬಂದು ಅತ್ತೆಯ ಜೊತೆ ಸೊಪ್ಪು ಬಿಡಿಸುತ್ತಾ ಅಲ್ಲೇ ಉಳಿದಳು.

ವರ್ಷ ತುಂಬುವ ತನಕ ಮನೆಗೆ ಹೊಸ ಸಾಮಾನು ತರುವ ಹಾಗಿರಲಿಲ್ಲ. ವರ್ಷದ ತಿಥಿ ಮುಗಿದದ್ದೇ ತಡ ಮಾವ ಗೋಡೆಯಗಲದ ಟಿವಿ ತಂದರು. ಅವರು ಪ್ರಾಯದಲ್ಲಿ ಪೌರಾಣಿಕ ನಾಟಕದಲ್ಲಿ ರಾಜನ ಪಾರ್ಟು ಹಾಕುತ್ತಿದ್ದವರು. ಆ ನಾಟಕದ ಹಳೆಯ ವಿಡಿಯೋ ಕ್ಯಾಸೆಟ್ಟನ್ನು ಯಾರೋ ಯೂಟ್ಯೂಬಿಗೆ ಹಾಕಿದ್ದರು. ದೀಪ ಹಚ್ಚುವ ಹೊತ್ತಿಗೆ ಕಾಲು ಚಾಚಿ ಕೂತು ತಮ್ಮ ಕಿರೀಟವನ್ನು ತಾವೇ ನೋಡಿಕೊಳ್ಳುವುದು ಅವರ ಆಸೆ.

ಟಿವಿ ಬಂದ ದಿನವೇ ಫೋನ್ ಬಂತು. "ಲೇ ಅನಂತು, ಏನೋ ಕನೆಕ್ಷನ್ ಕೊಟ್ಟಿದ್ದೀಯ? ವೈಫೈ ಕನೆಕ್ಟೆಡ್ ಅಂತದೆ, ಕೆಳಗಡೆ ನೋ ಇಂಟರ್ನೆಟ್ ಅಂತದೆ. ಒಂದೇ ಬಾಯಲ್ಲಿ ಎರಡು ಮಾತು!"

ಆ ಸಲ ತಪ್ಪು ನನಗೆ ಬೇಗ ಸಿಕ್ಕಿತು. ರೂಟರು ಮನೆಯ ಪ್ರತಿ ಫೋನಿಗೂ ಟಿವಿಗೂ ಒಂದೊಂದು ವಿಳಾಸ ಕೊಡುತ್ತದೆ. ಸುಮ್ಮನೆ ಕೊಡುವುದಿಲ್ಲ, ಇಷ್ಟು ದಿನಕ್ಕೆ ಎಂದು ಕೊಡುತ್ತದೆ. ಅದಕ್ಕೂ ಲೀಸ್ ಎಂದೇ ಹೆಸರು. ತಿಥಿಗೆ ಬಂದ ನೆಂಟರೆಲ್ಲ ಪಾಸ್‌ವರ್ಡ್ ಕೇಳಿ ಹಾಕಿಕೊಂಡಿದ್ದರು. ನಾನು ಲೀಸನ್ನು ಒಂದು ವಾರಕ್ಕೆ ಇಟ್ಟಿದ್ದೆ, ಕೊಡುವುದಕ್ಕಿದ್ದ ವಿಳಾಸಗಳೂ ಕಡಿಮೆ. ಉಂಡು ಹೋದವರ ಫೋನುಗಳು ಮನೆ ಖಾಲಿ ಮಾಡಿದ್ದರೂ ಲೀಸು ಬಿಟ್ಟಿರಲಿಲ್ಲ. ಟಿವಿ ಹೊಸಿಲು ದಾಟಿ ಒಳಗೆ ಬಂದಿದೆ, ಕೂರಲು ಜಾಗವಿಲ್ಲ. ಅದಕ್ಕೇ ಕನೆಕ್ಟೆಡ್, ಆದರೆ ಇಂಟರ್ನೆಟ್ ಇಲ್ಲ.

ಹಳೆಯ ಲೀಸುಗಳನ್ನು ಅಳಿಸಿದೆ. ಅವಧಿಯನ್ನು ಒಂದು ದಿನಕ್ಕೆ ಇಳಿಸಿದೆ. ವಿಳಾಸಗಳ ಸಂಖ್ಯೆ ಹೆಚ್ಚಿಸಿದೆ. ಟಿವಿ ಶುರುವಾಯಿತು. ಮಾವನಿಗೆ ಖುಷಿಯಾಗಿ ಸುಮ್ಮನಿರಬೇಕಿತ್ತು. ಇರಲಿಲ್ಲ.

"ನನ್ ಟಿವಿ ಯಾಕೋ ಲೀಸಲ್ಲಿ ಇರ್ಬೇಕು? ಅದಕ್ಕೊಂದು ಕಾಯಂ ನಂಬರ್ ಕೊಡು."

"ಕೊಡಬಹುದು ಮಾವ. ಯಾವ್ದು ಕೊಡ್ಲಿ?" ಎಂದು ಕೇಳಿದ ನನ್ನ ನಾಲಿಗೆಗೆ ಬುದ್ಧಿ ಇರಲಿಲ್ಲ.

ವಿಳಾಸದ ಕೊನೆಯ ಅಂಕಿ ಇಪ್ಪತ್ತೇಳು ಎಂದು ರೂಟರಿನಲ್ಲಿ ಆ ಟಿವಿಗೆ ಮೀಸಲು ಮಾಡಿದೆ. ಬೆಳಿಗ್ಗೆ ಮಾಡಿದ್ದು. ಮಧ್ಯಾಹ್ನದವರೆಗೂ ಚೆನ್ನಾಗಿ ನಡೆಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಟಿವಿ ಹಾಕಿದರೆ ಮತ್ತೆ ಅದೇ. ವೈಫೈ ಕನೆಕ್ಟೆಡ್. ನೋ ಇಂಟರ್ನೆಟ್.

ಮಾರನೆಯ ಬೆಳಿಗ್ಗೆ ಹೋದರೆ ಎಲ್ಲ ಸರಿ. ಸಂಜೆ ಮತ್ತೆ ಇಲ್ಲ. ಅದರ ಮಾರನೆಯ ಸಂಜೆಯೂ ಹಾಗೆಯೇ. ಲೈನಿನ ತೊಂದರೆಯಾಗಿದ್ದರೆ ಹೊತ್ತು ನೋಡಿಕೊಂಡು ಬರುವುದಿಲ್ಲ. ನನಗೆ ಮೊದಲ ಸಲ ಒಂಥರಾ ಅನ್ನಿಸಿತು. ಅದೇ ಹೊತ್ತಿಗೆ ಹೋಗಿ ಕೂತೆ. ಟಿವಿಯನ್ನು ಪ್ಲಗ್ಗಿನಿಂದಲೇ ಕಿತ್ತು, ನನ್ನ ಫೋನಿನಿಂದ ಇಪ್ಪತ್ತೇಳನೇ ವಿಳಾಸವನ್ನು ಕೂಗಿದೆ. ನಮ್ಮ ಕೆಲಸದಲ್ಲಿ ಅದಕ್ಕೆ ಪಿಂಗ್ ಮಾಡುವುದು ಎನ್ನುತ್ತಾರೆ. ಬಾಗಿಲು ತಟ್ಟಿ ಒಳಗೆ ಯಾರಾದರೂ ಇದ್ದಾರಾ ಎಂದು ಕೇಳಿದ ಹಾಗೆ. ಟಿವಿ ಆರಿದೆ, ಆ ವಿಳಾಸ ಬೇರೆ ಯಾರಿಗೂ ಕೊಟ್ಟಿಲ್ಲ. ಉತ್ತರ ಬರಬಾರದು.

ಬಂತು. ಸಾಲಾಗಿ ಬರುತ್ತಲೇ ಇತ್ತು.

ಪ್ಲಗ್ಗು ಕಿತ್ತೇ ಇದೆಯೇ ಎಂದು ಇನ್ನೊಮ್ಮೆ ನೋಡಿದೆ. ಮಾವನಿಗೆ ಅವರ ಭಾಷೆಯಲ್ಲೇ ಹೇಳಿದೆ. "ಒಂದೇ ಸೈಟನ್ನ ಇಬ್ಬರಿಗೆ ರಿಜಿಸ್ಟರ್ ಮಾಡಿದಂಗಾಗಿದೆ ಮಾವ. ಟಿವಿ ಹೋಗಿ ಇಪ್ಪತ್ತೇಳು ಕೊಡಿ ಅನ್ನುತ್ತೆ, ರೂಟರು ತಗೋ ಅನ್ನುತ್ತೆ. ಕೂರೋಕೆ ಮುಂಚೆ ಟಿವಿ ಒಂದ್ಸಲ ಕೂಗಿ ಕೇಳುತ್ತೆ, ಇಲ್ಲಿ ಯಾರಾದ್ರೂ ಇದ್ದೀರಾ ಅಂತ. ಇದ್ದೀನಿ ಅಂತ ಇನ್ಯಾವುದೋ ಹೇಳುತ್ತೆ. ಇದು ನಂಗೆ ಬೇಡ ಅಂತ ಟಿವಿ ವಾಪಸ್ ಬರುತ್ತೆ. ರೂಟರು ಮತ್ತೆ ಅದನ್ನೇ ಕೊಡುತ್ತೆ. ಅದು ನೀವು ಕಾಯಂ ಮಾಡಿಸಿದ ನಂಬರ್ ಅಲ್ವಾ?"

"ಯಾವನವನು ಕೂತಿರೋನು? ಲೀಸ್ ಕೊಟ್ಟೋರ್ಯಾರು?"

"ಲೀಸೇ ಇಲ್ಲ. ರೂಟರ್ ಹತ್ರ ಕೇಳಿಲ್ಲ. ತಾನೇ ಬಾಗಿಲ ಮೇಲೆ ಇಪ್ಪತ್ತೇಳು ಅಂತ ಬರ್ಕೊಂಡು ಕೂತಿದೆ. ಯಾರೋ ಕೈಯಾರೆ ಹಾಕಿರೋದು."

ಆ ಕೊನೆಯ ಮಾತನ್ನು ನಾನು ನುಂಗಿಕೊಂಡಿದ್ದರೆ ಚೆನ್ನಾಗಿತ್ತು. ಮಾವನ ಕಣ್ಣು ಸಣ್ಣಗಾಯಿತು. ತಮ್ಮ ಮನೆಯಲ್ಲಿ ತಮ್ಮ ನಂಬರಿನ ಮೇಲೆ ಯಾರೋ ಬೇಕೆಂದೇ ಕೂತಿದ್ದಾರೆ ಎನ್ನುವುದು ಅವರ ತಲೆಯೊಳಗೆ ಇಳಿದುಬಿಟ್ಟಿತು.

"ಟಿವಿಗೆ ಇಪ್ಪತ್ತೆಂಟು ಹಾಕಿಬಿಡ್ತೀನಿ ಮಾವ. ಒಂದು ನಿಮಿಷದ ಕೆಲಸ, ಜಗಳಾನೇ ಇರಲ್ಲ."

"ನನ್ ನಂಬರ್ ನಾನ್ಯಾಕೋ ಬಿಡ್ಲಿ? ಒಲ ಬಿಟ್ಟೆ. ಇದನ್ನ ಬಿಡಲ್ಲ. ಅವನು ಯಾವನು ಅಂತ ಇಡಿ."

ರೂಟರಿನ ಪಟ್ಟಿಯಲ್ಲಿ ಆ ವಿಳಾಸದ ಎದುರು ಹೆಸರಿರಲಿಲ್ಲ. ಪ್ರತಿ ಯಂತ್ರಕ್ಕೂ ಇರುವ ಉದ್ದನೆಯ ಗುರುತಿನ ಸಂಖ್ಯೆ ಮಾತ್ರ ಇತ್ತು. ಮಾವ ಎಲ್ಲರ ಫೋನನ್ನೂ ಹಾಲಿನ ಮೇಜಿನ ಮೇಲೆ ತಂದಿಡಿಸಿದರು. ಅವರದು, ಅತ್ತೆಯದು, ಪದ್ಮಶ್ರೀಯದು, ಕಾರು ಓಡಿಸುವ ಮುನೇಶನದು. ಒಂದೊಂದನ್ನೂ ಪಟ್ಟಿಗೆ ಹಿಡಿದು ನೋಡಿದೆ. ಯಾವುದರದೂ ಆ ಗುರುತಲ್ಲ. ನಾಲ್ಕೂ ಫೋನು ನನ್ನ ಕಣ್ಣೆದುರೇ ಮಲಗಿದ್ದವು, ಐದನೆಯದು ಮನೆಯೊಳಗೆಲ್ಲೋ ಎದ್ದು ಕೂತಿತ್ತು.

ಮಾವ ಸೊಸೆಯ ಕಡೆ ತಿರುಗಿದರು. "ಇನ್ನೊಂದು ಫೋನು ಐತೇನಮ್ಮ ನಿನ್ ತಾವ?"

"ನನ್ನದು ಇದೊಂದೇ" ಎಂದಳು ಪದ್ಮಶ್ರೀ.

"ನೀನು ಕೆಲಸದಿಂದ ಬರ್ತೀಯ, ಅದು ಶುರುವಾಯ್ತದೆ. ಬೆಳಗ್ಗೆ ಓಗ್ತೀಯ, ಅದೂ ಇರಲ್ಲ. ನಾನೇನು ಕಣ್ಣಿಲ್ಲದೋನಾ? ಯಾರ ಜೊತೆ ಮಾತಾಡಕ್ಕೆ ಕದ್ದು ಇಟ್ಕೊಂಡಿದ್ದೀಯ?"

ಅವಳ ಮುಖ ಕೆಂಪಾಯಿತು. ನನ್ನದೂ. ಇಂಥ ಮಾತನ್ನು ಗಂಡ ಸತ್ತ ಹೆಣ್ಣಿಗೆ ಹೇಳುವುದು ಎಷ್ಟು ಸುಲಭ, ಅದನ್ನು ಅವಳು ಒರೆಸಿಕೊಳ್ಳುವುದು ಎಷ್ಟು ಕಷ್ಟ. ಅವಳು ಅಲ್ಲ ಎಂದು ಕೂಗಿ ಜಗಳವಾಡುತ್ತಾಳೆ ಎಂದು ನಾನು ಕಾದೆ. ಅವಳು ಒಂದು ಕ್ಷಣ ಅತ್ತೆಯ ಕಡೆ ನೋಡಿ, ತನ್ನ ಫೋನೆತ್ತಿಕೊಂಡು ಮಹಡಿ ಹತ್ತಿದಳು. ಅತ್ತೆ ಅಡುಗೆಮನೆಗೆ ಹೋಗಿಬಿಟ್ಟಿದ್ದರು.

ಮಾವ ಆಗಲೇ ಅವಳ ತವರೂರು ಮಾಕಳಿಗೆ ಫೋನು ಮಾಡಿದರು. ಪದ್ಮಶ್ರೀಯ ತಂದೆ ಚಿಕ್ಕಮುನಿಯಪ್ಪನವರಿಗೆ. "ಬೀಗರೇ, ನಾಳೆ ಸಂಜೆ ಬಂದು ಮಗಳನ್ನ ಕರ್ಕೊಂಡೋಗಿ. ಯಾಕೆ ಏನು ಅಂತ ಬಂದಾಗ ಏಳ್ತೀನಿ." ಆ ಕಡೆಯಿಂದ ಏನು ಕೇಳಿದರೋ, ಮಾವ ಫೋನು ಇಟ್ಟುಬಿಟ್ಟರು.

ಆಮೇಲೆ ನೀರಿಗೆಂದು ಕೆಳಗಿಳಿದು ಬಂದ ಪದ್ಮಶ್ರೀಯನ್ನು ನಾನು ಮೆಟ್ಟಿಲ ಹತ್ತಿರ ತಡೆದು ಕೇಳಿದೆ. "ಏನಾದ್ರೂ ಗೊತ್ತಿದ್ರೆ ಹೇಳಮ್ಮ. ನಾಳೆ ನಿನ್ನ ಹೊರಗೆ ಹಾಕ್ತಾರೆ. ಆಮೇಲೆ ಊರು ಒಂದಕ್ಕೆ ಹತ್ತು ಸೇರಿಸುತ್ತೆ."

"ಕೇಳಬೇಡಿ ಅಣ್ಣ" ಎಂದಳು. "ನಾನು ಹೋದ್ರೆ ಹೋಗ್ತೀನಿ. ಬಾಯಿ ಬಿಟ್ರೆ ಇನ್ನೊಬ್ಬರ ಜೀವ ಹೋಗುತ್ತೆ."

ಇಂಥ ಮಾತು ಕೇಳಿದ ಮೇಲೆ ಯಾರಿಗೆ ನಿದ್ದೆ ಬರುತ್ತದೆ? ಯಾರ ಜೀವ, ಯಾಕೆ ಹೋಗಬೇಕು, ಒಂದೂ ಹೊಳೆಯಲಿಲ್ಲ. ಮಾವ ಸಿಟ್ಟಿಗೆ ಕೈ ಮಾಡುವವರು ಎಂಬುದಂತೂ ನನಗೆ ಗೊತ್ತಿತ್ತು.

ಮಾರನೆಯ ಸಂಜೆ ಮಾವನೇ ಕರೆಸಿದರು. ಮೆಟ್ಟಿಲ ಬುಡದಲ್ಲಿ ಒಂದು ಸೂಟ್‌ಕೇಸು ನಿಂತಿತ್ತು. ಪದ್ಮಶ್ರೀ ಮಹಡಿಯ ಕೋಣೆಯಲ್ಲಿದ್ದಳು. ಬೀಗರು ದಾರಿಯಲ್ಲಿದ್ದರು. ಟಿವಿ ಹಚ್ಚಿಯೇ ಇತ್ತು, ಅದರ ಮೇಲೆ ಅದೇ ಎರಡು ಮಾತು.

"ಅದನ್ನ ನಿಲ್ಲಿಸಕ್ಕೆ ಆಯ್ತದಾ ನಿಂಗೆ?" ಎಂದು ಮಾವ ಕೇಳಿದರು.

"ಬ್ಲಾಕ್ ಮಾಡಬಹುದು. ಆ ಗುರುತಿನ ಯಂತ್ರ ನಮ್ಮ ವೈಫೈಗೆ ಸೇರದಂಗೆ."

"ಮಾಡು. ಯಾರು ಒದ್ದಾಡ್ಕೊಂಡು ಈಚೆ ಬತ್ತಾರೋ ನೋಡಾಣ. ಅವಳಪ್ಪನ ಎದುರಿಗೇ ಇಡೀತೀನಿ."

ಮಾವ ಕುರ್ಚಿಯನ್ನು ಮೆಟ್ಟಿಲಿನ ಕಡೆ ತಿರುಗಿಸಿಕೊಂಡು ಕೂತರು. ಇಲಿಗೆ ಬೋನು ಇಟ್ಟವರ ಹಾಗೆ. ನನಗೆ ಅಲ್ಲಿಂದ ಎದ್ದು ಹೋಗಬೇಕು ಎನ್ನಿಸಿತು, ಹೋಗಲಿಲ್ಲ. ಎದ್ದರೆ ಆ ಬಟನ್ನನ್ನು ಮುನೇಶನಿಂದ ಒತ್ತಿಸುತ್ತಿದ್ದರು. ಒತ್ತಿದೆ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಮೇಲಿನ ಬಾಗಿಲು ಅಲುಗಲಿಲ್ಲ. ಆಮೇಲೆ ಟಿವಿಯ ಮೇಲಿನ ಎರಡು ಮಾತು ಅಳಿಸಿಹೋಗಿ, ಅದಕ್ಕೆ ತನ್ನ ಇಪ್ಪತ್ತೇಳು ಸಿಕ್ಕಿತು. ಹಾರ್ಮೋನಿಯಂ ಶುರುವಾಯಿತು. ಕಿರೀಟ ಹಾಕಿಕೊಂಡ ಮೂವತ್ತರ ಮಾವ ತೊಡೆ ತಟ್ಟಿ ಗಹಗಹಿಸಿ ನಕ್ಕರು. ಎಪ್ಪತ್ತರ ಹತ್ತಿರದ ಮಾವ ತಿರುಗಿಯೂ ನೋಡದೆ ಮೆಟ್ಟಿಲನ್ನೇ ಕಾಯುತ್ತಿದ್ದರು.

ಬಾಗಿಲು ತೆರೆದದ್ದು ಮೇಲಿನದಲ್ಲ. ನಮ್ಮ ಬೆನ್ನ ಹಿಂದಿನದು, ರಾಗಿ ಮೂಟೆ ಇಡುವ ಉಗ್ರಾಣದ್ದು.

ಅತ್ತೆ ಬಂದರು. ಒಂದು ಕೈಯಲ್ಲಿ ಅವರ ಫೋನು. ಇನ್ನೊಂದು ಕೈ ಸೆರಗಿನೊಳಗೆ. ಗಂಡ ಅಲ್ಲಿ ಕೂತಿರುವುದು ಅವರ ಕಣ್ಣಿಗೇ ಬಿದ್ದಂತಿರಲಿಲ್ಲ. ನೇರ ನನ್ನ ಹತ್ತಿರ ಬಂದು ಫೋನು ಹಿಡಿದರು.

"ಅನಂತು, ನೋಡಪ್ಪ ಇದ. ಒಂದೇ ಗೀಟು ಬತ್ತೈತೆ. ದಿನಾ ಎರಡು ಬತ್ತಿತ್ತು. ಇವತ್ತು ಮುಟ್ಲಿಲ್ಲ ಕಣಪ್ಪ ಅವನಿಗೆ."

ಪರದೆಯ ಮೇಲೆ, ವಾಟ್ಸಾಪಿನಲ್ಲಿ, ನಿರಂಜನನ ಹೆಸರಿತ್ತು. ಕೆಳಗೆ ಸಾಲು ಸಾಲು ವಾಯ್ಸ್ ಮೆಸೇಜು. ದಿನಕ್ಕೊಂದು. ಎಲ್ಲದರ ಮುಂದೆಯೂ ಎರಡೆರಡು ಗೀಟು, ಕೊನೆಯದರ ಮುಂದೆ ಮಾತ್ರ ಒಂದು.

ಅತ್ತೆ ಸೆರಗು ಬಿಟ್ಟು ಇನ್ನೊಂದು ಕೈ ಹೊರಗೆ ತೆಗೆದರು. ಗಾಜು ಒಡೆದ ನಿರಂಜನನ ಫೋನು. ಹಿತ್ತಲ ಬೆಂಕಿಗೆ ಬೀಳುವ ಮೊದಲೇ ಪದ್ಮಶ್ರೀ ಅದನ್ನು ಬಚ್ಚಿಟ್ಟಿದ್ದಳಂತೆ. ಲಾಕ್ ತೆಗೆಯುವ ಗೆರೆಯನ್ನು ಅತ್ತೆಗೆ ಕಲಿಸಿದ್ದಳಂತೆ. ದಿನಾ ದೀಪ ಹಚ್ಚಿದ ಮೇಲೆ ಉಗ್ರಾಣದಲ್ಲಿ ಅದನ್ನು ಎಬ್ಬಿಸಿ, ರಾಗಿ ಮೂಟೆಯ ಮೇಲಿಟ್ಟು, ಪಕ್ಕದಲ್ಲೇ ಕೂತು ತಮ್ಮ ಫೋನಿನಿಂದ ಮಗನ ಜೊತೆ ಮಾತಾಡುತ್ತಿದ್ದರು. ಇವತ್ತು ಸೊಪ್ಪಿನ ಸಾರು. ಪದ್ಮಂಗೆ ನೆಗಡಿ. ನಿಮ್ಮಪ್ಪಂಗೆ ಮಂಡಿ ನೋವು. ಎರಡನೇ ಗೀಟು ಬಿದ್ದ ಮೇಲೆ ಆರಿಸಿ ಒಳಗಿಡುತ್ತಿದ್ದರು. ವರ್ಷವೆಲ್ಲಾ ಹೀಗೆ ನಡೆದಿತ್ತು. ಹೊಸ ಟಿವಿ ಬಂದು ಅದೇ ವಿಳಾಸ ಕೇಳುವ ತನಕ ಅದು ಯಾರಿಗೂ ಅಡ್ಡ ಬಂದಿರಲಿಲ್ಲ.

"ಸತ್ತೋಗವ್ನೆ ಅಂತ ನಂಗೂ ಗೊತ್ತು ಕಣಪ್ಪ" ಎಂದರು ಅತ್ತೆ. "ನಾನೇನ್ ಉಚ್ಚಿ ಅಲ್ಲ. ಮುಟ್ತದಲ್ಲ, ಅಷ್ಟೇ ಸಾಕಾಗಿತ್ತು."

ಮಾವ ಎದ್ದು ಬಂದರು. ಫೋನನ್ನು ಅತ್ತೆಯ ಕೈಯಿಂದ ಕಿತ್ತುಕೊಂಡರು. ಮೆಟ್ಟಿಲ ಮೇಲೆ ಪದ್ಮಶ್ರೀ ನಿಂತಿದ್ದಳು, "ಮಾವ, ಬೇಡ" ಎಂದು ಕೂಗಿದಳು. ನೆಲಕ್ಕೆ ಅಪ್ಪಳಿಸುತ್ತಾರೆ ಎಂದು ನಾನೂ ಕೈ ಚಾಚಿದೆ. ಮಾವ ಅದನ್ನು ನನ್ನ ಕೈಗೇ ಕೊಟ್ಟರು.

"ಇದೇನಾ?"

ವೈಫೈ ಸೆಟ್ಟಿಂಗ್ ತೆರೆದೆ. ತಾನಾಗಿ ವಿಳಾಸ ಕೇಳುವುದನ್ನು ತೆಗೆದು, ಕೈಯಾರೆ ಬರೆದಿತ್ತು. ಕೊನೆಯ ಅಂಕಿ ಇಪ್ಪತ್ತೇಳು. ಹಳೆಯ ರೂಟರು ಕೆಟ್ಟಾಗ ಹೊಸದಕ್ಕೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟವನು ನಾನೇ. ಹಾಗಾಗಿ ಫೋನು ಎದ್ದಾಗಲೆಲ್ಲ ತಾನಾಗಿಯೇ ಒಳಗೆ ಬಂದು ತನ್ನ ಜಾಗದಲ್ಲಿ ಕೂತುಕೊಳ್ಳುತ್ತಿತ್ತು.

ಮಾವನಿಗೆ ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ, ಒಡೆದ ಗಾಜಿನ ಕೆಳಗಿನ ಅಂಕಿಯನ್ನು ಬಹಳ ಹೊತ್ತು ನೋಡಿದರು. ಬೈಕಿಗೆ ಕೊಡದೇ ಇದ್ದ ನಂಬರು. ಅಪ್ಪನ ಕಣ್ಣಿಗೆ ಬೀಳದ ಕಡೆ ಮಗ ಬರೆದುಕೊಂಡಿದ್ದ.

"ಕಳ್ ನನ್ಮಗ" ಎಂದರು ಮಾವ. "ತಗೊಂಡೇಬಿಟ್ಟಿದ್ನಾ."

ಟಿವಿಯಲ್ಲಿ ರಾಜ ಇನ್ನೂ ನಗುತ್ತಿದ್ದ. ಮಾವ ರಿಮೋಟು ಹುಡುಕಲು ಹೋಗಿ, ಸಿಗದೆ, ಕುರ್ಚಿಯ ಕೈ ಹಿಡಿದುಕೊಂಡು ಕುಸಿದು ಕೂತರು. ವರ್ಷದ ಹಿಂದೆ ಹೆಣ ಮನೆಗೆ ಬಂದಾಗಲೂ ಅಳದಿದ್ದ ಮನುಷ್ಯ ಆಗ ಅತ್ತದ್ದನ್ನು ನಾನು ಬರೆಯಲಾರೆ. ಅತ್ತೆ ಅವರ ತಲೆಯ ಮೇಲೆ ಕೈ ಇಟ್ಟು ನಿಂತಿದ್ದರು.

"ಟಿವಿಗೆ ಬ್ಯಾರೆ ಆಕು" ಎಂದರು ಮಾವ ಆಮೇಲೆ, ನನ್ನ ಕಡೆ ನೋಡದೆ. "ಇದು ಅವಂದೇ ಇರ್ಲಿ."

ಟಿವಿಗೆ ಇಪ್ಪತ್ತೆಂಟು ಹಾಕಿದೆ. ಬ್ಲಾಕ್ ತೆಗೆದೆ. ಅತ್ತೆಯ ಫೋನಿನಲ್ಲಿ ಎರಡನೇ ಗೀಟು ಬಿತ್ತು. "ಮುಟ್ತು" ಎಂದು ಅವರು ಗಂಡನಿಗೆ ತೋರಿಸಿದರು.

ಗೇಟಿನ ಹತ್ತಿರ ಬೈಕು ನಿಂತ ಸದ್ದಾಯಿತು. ಚಿಕ್ಕಮುನಿಯಪ್ಪನವರು ಮುಖ ಗಂಟು ಹಾಕಿಕೊಂಡು ಒಳಗೆ ಬಂದರು. ಮಾವ ಎದ್ದು, ಮೆಟ್ಟಿಲ ಬುಡದ ಸೂಟ್‌ಕೇಸನ್ನು ತಾವೇ ಎತ್ತಿಕೊಂಡು ಮಹಡಿ ಹತ್ತತೊಡಗಿದರು, ಮಂಡಿ ನೋವಿನ ಕಾಲಿನಲ್ಲಿ. ಪದ್ಮಶ್ರೀಯ ಮುಂದೆ ಅದನ್ನು ಇಳಿಸಿ, "ತಪ್ಪಾಯ್ತು ಕಣಮ್ಮ, ಒಳಗಿಟ್ಕೋ" ಎಂದರು. ಆಮೇಲೆ ಅಲ್ಲಿಂದಲೇ ಬಗ್ಗಿ, "ಬೀಗರೇ, ಕೈಕಾಲು ತೊಳ್ಕೊಳಿ. ಉಂಡ್ಕೊಂಡು ಓಗೀರಂತೆ" ಎಂದರು. ಚಿಕ್ಕಮುನಿಯಪ್ಪನವರಿಗೆ ಏನೂ ಅರ್ಥವಾಗಲಿಲ್ಲ.

ಈಗ ಆ ಮನೆಯಲ್ಲಿ ಟಿವಿ ನಿಲ್ಲುವುದಿಲ್ಲ. ಆದರೂ ದಿನಾ ದೀಪ ಹಚ್ಚುವ ಹೊತ್ತಿಗೆ ನನಗೆ ಮಾವನ ಫೋನು ಬರುತ್ತದೆ. ಅಂಗಡಿಯಲ್ಲಿ ಕೂತಲ್ಲಿಂದಲೇ ನಾನು ಅವರ ರೂಟರಿನೊಳಗೆ ಹೋಗಿ ನೋಡಬಲ್ಲೆ ಎಂದು ಅವರಿಗೆ ಗೊತ್ತು. ಊಟವಾಯಿತಾ ಎಂದೂ ಕೇಳುವುದಿಲ್ಲ.

"ಇಪ್ಪತ್ತೇಳು ಐತೇನೋ?"

ನಾನು ಬಾಗಿಲು ತಟ್ಟುತ್ತೇನೆ. ಉತ್ತರ ಬರುತ್ತದೆ. "ಐತೆ ಮಾವ" ಎನ್ನುತ್ತೇನೆ. ಅವರು ಫೋನು ಇಡುತ್ತಾರೆ.

ಆ ಫೋನಿನ ಬ್ಯಾಟರಿ ಊದಲು ಶುರುವಾಗಿದೆ. ಕಳೆದ ಸಲ ಹೋದಾಗ ಹಿಂಬದಿಯ ಮುಚ್ಚಳ ಸ್ವಲ್ಪ ಎದ್ದಿರುವುದನ್ನು ನಾನೂ ಪದ್ಮಶ್ರೀಯೂ ನೋಡಿದೆವು. ಬ್ಯಾಟರಿ ಬದಲಾಯಿಸಬಹುದು, ಒಂದಲ್ಲ ಎರಡು ಸಲ. ಸಿಮ್ಮಿಗೆ ರೀಚಾರ್ಜು ನಿಂತು ಬಹಳ ಕಾಲವಾಗಿದೆ. ಆ ಮೊಬೈಲ್ ನಂಬರನ್ನು ಕಂಪನಿಯವರು ಒಂದು ದಿನ ಇನ್ಯಾರಿಗೋ ಕೊಡುತ್ತಾರೆ, ಆಗ ಅತ್ತೆಯ ಮಾತೆಲ್ಲ ಎಲ್ಲಿಗೆ ಹೋಗಿ ಮುಟ್ಟುತ್ತದೋ. ಅದನ್ನು ನಾನು ಆ ಮನೆಯಲ್ಲಿ ಇನ್ನೂ ಹೇಳಿಲ್ಲ.

ಸಂಜೆಯಾಗುತ್ತಲೇ ನನ್ನ ಕೈ ತಾನಾಗಿ ಫೋನಿನ ಹತ್ತಿರ ಹೋಗುತ್ತದೆ. ಮಾವ ಕೇಳುವ ಮೊದಲೇ ಒಂದು ಸಲ ತಟ್ಟಿ ನೋಡಿಕೊಳ್ಳುತ್ತೇನೆ. ಉತ್ತರ ಬರದ ದಿನವೂ "ಐತೆ ಮಾವ" ಎಂದೇ ಹೇಳುತ್ತೇನೆ ಎಂದು ತೀರ್ಮಾನಿಸಿಕೊಂಡಿದ್ದೇನೆ. ಆದರೆ ಅವತ್ತು ನನ್ನ ದನಿ ಕೇಳಿಯೇ ಮಾವನಿಗೆ ಗೊತ್ತಾಗಿಬಿಡುತ್ತದೆ.